ಒಂದೇ ಔಷಧಿಗೆ ಎರಡು ದಾರಿ: ಯಾವುದು ಹೆಚ್ಚು ಹಸಿರು ಅಂತ ಲೆಕ್ಕ ಹಾಕುವುದು ಹೇಗೆ?

ನೋವಿಗೆ ನುಂಗುವ ಐಬುಪ್ರೊಫೇನ್ ತಯಾರಿಸಲು ಎರಡು ಹೆಸರಾಂತ ದಾರಿಗಳಿವೆ. ಒಂದು ಇಂಗ್ಲೆಂಡಿನ ಬೂಟ್ಸ್ ಕಂಪನಿ 1960ರ ದಶಕದಲ್ಲಿ ರೂಪಿಸಿದ ಆರು ಹಂತದ ದಾರಿ. ಇನ್ನೊಂದು ಬೂಟ್ಸ್ ಮತ್ತು ಹೆಕ್ಸ್ಟ್ ಸೆಲನೀಸ್ ಸೇರಿ ಕಟ್ಟಿದ ಬಿಎಚ್‌ಸಿ ಕಂಪನಿಯ ದಾರಿ, ಮೂರೇ ಹಂತ. ಇವೆರಡನ್ನು ಹೋಲಿಸಿ ಅನ್ನುವ ಪ್ರಶ್ನೆ ಬಿ.ಎಸ್‌ಸಿ., ಎಂ.ಎಸ್‌ಸಿ. ಓದುವವರಿಂದ ಪದೇ ಪದೇ ಬರುತ್ತದೆ, ಜೊತೆಗೆ ಒಂದೇ ಗೊಂದಲವೂ ಬರುತ್ತದೆ. ಹಾಕಿದ ವಸ್ತುವಿನಲ್ಲಿ ಎಷ್ಟು ಪಾಲು ಔಷಧಿಯಾಯಿತು ಅನ್ನುವ ಆಟಮ್ ಎಕಾನಮಿ ಒಂದು ಕಡೆ ಬೂಟ್ಸ್‌ಗೆ 40%, ಬಿಎಚ್‌ಸಿಗೆ 77% ಅಂತ ಇರುತ್ತದೆ. ಇನ್ನೊಂದು ಕಡೆ 40% ಮತ್ತು 99%. ನಾವೇ ಕೂತು ಲೆಕ್ಕ ಮಾಡಿದರೆ ಬೂಟ್ಸ್‌ಗೆ 43 ಬರುತ್ತದೆ, ಕೆಲವರಿಗೆ 35 ಬರುತ್ತದೆ. ಯಾವುದು ಸರಿ?

ಎಲ್ಲವೂ ಸರಿ, ಆದರೆ ಒಂದೊಂದೂ ಬೇರೆ ಬೇರೆ ಗಡಿ ಹಾಕಿಕೊಂಡು ಮಾಡಿದ ಲೆಕ್ಕ. ಗಡಿ ಅಂದರೆ ಏನನ್ನು ಒಳಗೆ ಸೇರಿಸಿದ್ದೀರಿ, ಏನನ್ನು ಹೊರಗೆ ಬಿಟ್ಟಿದ್ದೀರಿ ಅನ್ನುವುದು. ಎರಡು ದಾರಿಗೂ ಒಂದೇ ಗಡಿ ಇದ್ದರೆ ಮಾತ್ರ ಹೋಲಿಕೆಗೆ ಬೆಲೆ. ಈ ಲೇಖನದಲ್ಲಿ ಐಬುಪ್ರೊಫೇನನ್ನೇ ಹಿಡಿದುಕೊಂಡು ಹಂತ ಹಂತವಾಗಿ ಹೋಗೋಣ. ನಿಮ್ಮ ಪ್ರಾಜೆಕ್ಟಿನ ಬೇರೆ ಯಾವುದೇ ಸಂಯುಕ್ತಕ್ಕೂ ಇದೇ ಕ್ರಮ ನಡೆಯುತ್ತದೆ.

ಮೊದಲು ಮೂರು ಮಾತು ಸ್ಪಷ್ಟವಾಗಲಿ

ಆಟಮ್ ಎಕಾನಮಿ ಅಂದರೆ ನೀವು ಹಾಕಿದ ಕಚ್ಚಾ ವಸ್ತುಗಳ ಪರಮಾಣುಗಳಲ್ಲಿ ತೂಕದ ಲೆಕ್ಕಕ್ಕೆ ಎಷ್ಟು ಭಾಗ ನಿಮಗೆ ಬೇಕಾದ ಉತ್ಪನ್ನದೊಳಗೆ ಉಳಿಯಿತು ಅನ್ನುವುದು. 1991ರಲ್ಲಿ ಬ್ಯಾರಿ ಟ್ರೋಸ್ಟ್ ಇದನ್ನು ಮುಂದಿಟ್ಟರು. ಇದು ಪೂರ್ತಿ ಕಾಗದದ ಮೇಲಿನ ಲೆಕ್ಕ. ಕ್ರಿಯೆ ನೂರಕ್ಕೆ ನೂರು ನಡೆಯುತ್ತದೆ ಅಂತ ಅಂದುಕೊಂಡೇ ಮಾಡುವುದು.

ಇಳುವರಿ ಬೇರೆ. ಸಿಗಬೇಕಾಗಿದ್ದ ಉತ್ಪನ್ನದಲ್ಲಿ ನಿಜವಾಗಿ ಕೈಗೆ ಎಷ್ಟು ಸಿಕ್ಕಿತು ಅನ್ನುವುದು ಇಳುವರಿ. 95% ಇಳುವರಿ ಇರುವ ಕ್ರಿಯೆಯ ಆಟಮ್ ಎಕಾನಮಿ 30% ಇರಬಹುದು. ಇವೆರಡನ್ನು ಕಲಸಿಕೊಳ್ಳಬೇಡಿ.

ಇ-ಫ್ಯಾಕ್ಟರ್ ಮೂರನೆಯದು. ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಬಂತು ಅನ್ನುವುದು. ರೋಜರ್ ಶೆಲ್ಡನ್ ಕೊಟ್ಟ ಅಳತೆ. ಇದರಲ್ಲಿ ಇಳುವರಿ, ಹೆಚ್ಚುವರಿ ರಾಸಾಯನಿಕ, ಸಾಲ್ವೆಂಟ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಹಸಿರು ರಸಾಯನಶಾಸ್ತ್ರದ ಹನ್ನೆರಡು ತತ್ವಗಳನ್ನು ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಪ್ರಕಟಿಸಿದರು. ಹೋಲಿಕೆ ಮಾಡುವಾಗ ಹನ್ನೆರಡಕ್ಕೂ ಟಿಕ್ ಹಾಕುತ್ತಾ ಹೋಗುವ ಅಗತ್ಯವಿಲ್ಲ. ನಿಮ್ಮ ಎರಡು ದಾರಿಗಳ ನಡುವೆ ನಿಜವಾಗಿ ವ್ಯತ್ಯಾಸ ತರುವ ನಾಲ್ಕೈದನ್ನು ಹಿಡಿದುಕೊಂಡರೆ ಸಾಕು.

ಕೆಲಸಕ್ಕೆ ಬೇಕಾದದ್ದು ಇಷ್ಟು: ಎರಡೂ ದಾರಿಗಳ ಪ್ರತಿ ಹಂತದ ಕ್ರಿಯೆ, ಪರಮಾಣು ತೂಕಗಳ ಪಟ್ಟಿ, ಒಂದು ಎಕ್ಸೆಲ್ ಹಾಳೆ. ಲ್ಯಾಬ್ ವಿಧಾನ ಸಿಕ್ಕರೆ, ಅಂದರೆ ಎಷ್ಟು ಗ್ರಾಂ ಹಾಕಿದರು, ಎಷ್ಟು ಮಿಲಿ ಸಾಲ್ವೆಂಟ್, ಹೇಗೆ ತೊಳೆದರು ಅನ್ನುವ ವಿವರ, ಇನ್ನೂ ಒಳ್ಳೆಯದು.

1. ಶುರು ಮತ್ತು ಕೊನೆ ಎರಡನ್ನೂ ಒಂದೇ ಕಡೆ ಇಡಿ

ಎರಡು ದಾರಿಗಳೂ ಒಂದೇ ಕಚ್ಚಾ ವಸ್ತುವಿನಿಂದ ಹೊರಡುತ್ತವೆಯಾ ನೋಡಿ. ಐಬುಪ್ರೊಫೇನ್ ವಿಷಯದಲ್ಲಿ ನಮಗೆ ಅನುಕೂಲವಿದೆ. ಎರಡೂ ಐಸೊಬ್ಯುಟೈಲ್‌ಬೆಂಜೀನ್‌ನಿಂದಲೇ ಶುರುವಾಗುತ್ತವೆ. ಮೊದಲ ಹಂತದಲ್ಲಿ ಎರಡೂ ತಯಾರಿಸುವುದು ಒಂದೇ ಕೀಟೋನ್. ದಾರಿ ಬೇರೆಯಾಗುವುದು ಅದರ ನಂತರ.

ನಿಮ್ಮ ಪ್ರಾಜೆಕ್ಟಿನಲ್ಲಿ ಹೀಗಿರದೇ ಇರಬಹುದು. ಒಂದು ದಾರಿ ಅಂಗಡಿಯಲ್ಲಿ ಸಿಗುವ ಸರಳ ವಸ್ತುವಿನಿಂದ ಹೊರಟು, ಇನ್ನೊಂದು ಆಗಲೇ ಮುಕ್ಕಾಲು ತಯಾರಾದ ಮಧ್ಯಂತರ ವಸ್ತುವಿನಿಂದ ಹೊರಟರೆ ಎರಡನೆಯದು ಸುಮ್ನೆ ಚೆನ್ನಾಗಿ ಕಾಣುತ್ತದೆ. ಅದರ ತ್ಯಾಜ್ಯ ಬೇರೆ ಯಾರದೋ ಕಾರ್ಖಾನೆಯಲ್ಲಿ ಆಗಿ ಹೋಗಿರುತ್ತದೆ ಅಷ್ಟೆ. ಆಗ ಆ ಮಧ್ಯಂತರ ವಸ್ತು ತಯಾರಾಗುವ ಹಂತಗಳನ್ನೂ ಲೆಕ್ಕಕ್ಕೆ ತನ್ನಿ.

ಕೊನೆಯೂ ಒಂದೇ ಇರಬೇಕು. ಐಬುಪ್ರೊಫೇನ್ ಅಣುವಿಗೆ ಬಲಗೈ, ಎಡಗೈ ಅನ್ನುವ ಹಾಗೆ ಎರಡು ರೂಪಗಳಿವೆ. ಬೂಟ್ಸ್ ದಾರಿಯಲ್ಲೂ ಬಿಎಚ್‌ಸಿ ದಾರಿಯಲ್ಲೂ ಸಿಗುವುದು ಎರಡರ ಸಮ ಮಿಶ್ರಣವೇ. ಹಾಗಾಗಿ ಹೋಲಿಸಬಹುದು. ಒಂದು ದಾರಿ ಮಿಶ್ರಣ ಕೊಟ್ಟು ಇನ್ನೊಂದು ಒಂದೇ ರೂಪ ಕೊಡುವುದಾದರೆ, ಬೇರ್ಪಡಿಸುವ ಹಂತವನ್ನು ಮೊದಲನೆಯದಕ್ಕೆ ಸೇರಿಸದೆ ಹೋಲಿಸುವ ಹಾಗಿಲ್ಲ.

2. ಪ್ರತಿ ಹಂತವನ್ನೂ ಸಮತೋಲನ ಮಾಡಿ, ಹೊರಬರುವುದನ್ನೂ ಬರೆಯಿರಿ

ಜಾಸ್ತಿ ತಪ್ಪು ಆಗುವುದು ಇಲ್ಲೇ. ಪಠ್ಯಪುಸ್ತಕದಲ್ಲಿ ಬಾಣದ ಮೇಲೆ ರೀಏಜೆಂಟ್ ಬರೆದು, ಬಲಗಡೆ ಮುಖ್ಯ ಉತ್ಪನ್ನ ಮಾತ್ರ ಇಟ್ಟಿರುತ್ತಾರೆ. ಹೊರಬಿದ್ದದ್ದನ್ನು ಬರೆದಿರುವುದಿಲ್ಲ. ನೀವು ಅದನ್ನೂ ಬರೆಯಬೇಕು.

ಬೂಟ್ಸ್ ದಾರಿ ಹೀಗಿದೆ. ಮೊದಲ ಹಂತದಲ್ಲಿ ಐಸೊಬ್ಯುಟೈಲ್‌ಬೆಂಜೀನ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಸೇರಿ ಕೀಟೋನ್ ಆಗುತ್ತದೆ, ಅಸಿಟಿಕ್ ಆಮ್ಲ ಹೊರಬರುತ್ತದೆ. ಎರಡನೆಯದರಲ್ಲಿ ಈಥೈಲ್ ಕ್ಲೋರೋಅಸಿಟೇಟ್ ಮತ್ತು ಸೋಡಿಯಂ ಈಥಾಕ್ಸೈಡ್ ಹಾಕುತ್ತಾರೆ, ಇದಕ್ಕೆ ಡಾರ್ಜೆನ್ಸ್ ಕ್ರಿಯೆ ಅನ್ನುತ್ತಾರೆ. ಎಪಾಕ್ಸಿ ಎಸ್ಟರ್ ಸಿಗುತ್ತದೆ, ಉಪ್ಪು ಮತ್ತು ಈಥನಾಲ್ ಹೊರಬರುತ್ತವೆ. ಮೂರನೆಯದರಲ್ಲಿ ಆಮ್ಲ ಬೆರೆಸಿದ ನೀರಿನಲ್ಲಿ ಅದು ಒಡೆದು ಆಲ್ಡಿಹೈಡ್ ಆಗುತ್ತದೆ, ಇನ್ನೊಂದು ಈಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಹೋಗುತ್ತವೆ. ನಾಲ್ಕರಲ್ಲಿ ಹೈಡ್ರಾಕ್ಸಿಲಮೀನ್ ಸೇರಿ ಆಕ್ಸೈಮ್, ಐದರಲ್ಲಿ ನೀರು ಕಳೆದು ನೈಟ್ರೈಲ್, ಆರರಲ್ಲಿ ನೀರು ಸೇರಿ ಅಮೋನಿಯಾ ಹೋಗಿ ಐಬುಪ್ರೊಫೇನ್.

ಒಂದು ಮೋಲ್ ಲೆಕ್ಕಕ್ಕೆ ಒಳಗೆ ಹೋದದ್ದು, ಗ್ರಾಂನಲ್ಲಿ:

```
C10H14     134.22
C4H6O3     102.09
C4H7ClO2   122.55
C2H5ONa     68.05
H2O         18.02
NH2OH       33.03
2 H2O       36.03
-----------------
           513.99
```

ಹೊರಗೆ ಬಂದದ್ದು:

```
C13H18O2   206.28
CH3COOH     60.05
NaCl        58.44
2 C2H5OH    92.14
CO2         44.01
2 H2O       36.03
NH3         17.03
-----------------
           513.98
```

ಎರಡೂ ಮೊತ್ತ ಹೊಂದಿಕೊಂಡವು ನೋಡಿ. 0.01ರ ವ್ಯತ್ಯಾಸ ದಶಮಾಂಶ ಕತ್ತರಿಸಿದ್ದರಿಂದ ಬಂದದ್ದು. ಈ ತಾಳೆ ನೋಡುವ ಕೆಲಸವನ್ನು ಬಿಡಲೇಬೇಡಿ. ಮೊತ್ತ ಹೊಂದದಿದ್ದರೆ ಯಾವುದೋ ಉಪ ಉತ್ಪನ್ನ ಬಿಟ್ಟುಹೋಗಿದೆ ಅಂತಲೇ ಅರ್ಥ. ವ್ಯತ್ಯಾಸ ಎಷ್ಟಿದೆ ಅಂತ ನೋಡಿದರೆ ಏನು ಬಿಟ್ಟಿರಿ ಅನ್ನುವುದೂ ಹೊಳೆಯುತ್ತದೆ. 18 ಆದರೆ ನೀರು, 44 ಆದರೆ ಕಾರ್ಬನ್ ಡೈಆಕ್ಸೈಡ್, 46 ಆದರೆ ಈಥನಾಲ್. ಕೆಲವು ಕಡೆ ಮೂರನೇ ಹಂತದಲ್ಲಿ ನೀರಿನ ಬದಲು H3O+ ಬರೆದು 19 ಕೂಡುತ್ತಾರೆ. ಅದರಿಂದ ಉತ್ತರ ಏನೂ ಬದಲಾಗುವುದಿಲ್ಲ, ಆದರೆ ತಾಳೆ ಒಂದು ಗ್ರಾಂ ತಪ್ಪುತ್ತದೆ.

ಬಿಎಚ್‌ಸಿ ದಾರಿ ಚಿಕ್ಕದು. ಮೊದಲ ಹಂತ ಅದೇ ಕೀಟೋನ್, ಆದರೆ ಹೈಡ್ರೋಜನ್ ಫ್ಲೋರೈಡ್‌ನಲ್ಲಿ. ಎರಡನೆಯದರಲ್ಲಿ ರೇನಿ ನಿಕಲ್ ಮೇಲೆ ಹೈಡ್ರೋಜನ್ ಸೇರಿಸಿ ಆಲ್ಕೋಹಾಲ್. ಮೂರನೆಯದರಲ್ಲಿ ಪಲ್ಲೇಡಿಯಂ ಕ್ಯಾಟಲಿಸ್ಟ್ ಇಟ್ಟು ಒತ್ತಡದಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿಸಿದರೆ ನೇರ ಐಬುಪ್ರೊಫೇನ್.

```
C10H14     134.22
C4H6O3     102.09
H2           2.02
CO          28.01
-----------------
           266.34
```

ಹೊರಗೆ ಬರುವುದು ಐಬುಪ್ರೊಫೇನ್ 206.28, ಅಸಿಟಿಕ್ ಆಮ್ಲ 60.05. ಬೇರೇನೂ ಇಲ್ಲ.

3. ಭಾಗಿಸಿ, ಆಮೇಲೆ ಪರಮಾಣುಗಳನ್ನು ಹಿಂಬಾಲಿಸಿ

```
Boots: 206.28 / 513.99 x 100 = 40.1 %
BHC:   206.28 / 266.34 x 100 = 77.4 %
```

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 40 ಯಾಕೆ 40 ಆಯಿತು ಅಂತ ಗೊತ್ತಾಗದಿದ್ದರೆ ದಾರಿಯನ್ನು ಎಲ್ಲಿ ತಿದ್ದಬಹುದು ಅನ್ನುವುದೂ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ರೀಏಜೆಂಟ್ ಉತ್ಪನ್ನಕ್ಕೆ ಏನು ಕೊಟ್ಟಿತು ಅಂತ ಒಂದೊಂದಾಗಿ ಕೇಳಿ.

ಐಬುಪ್ರೊಫೇನ್‌ನಲ್ಲಿ 13 ಕಾರ್ಬನ್ ಇವೆ. ಹತ್ತು ಬಂದದ್ದು ಐಸೊಬ್ಯುಟೈಲ್‌ಬೆಂಜೀನ್‌ನಿಂದ, ಎರಡು ಅನ್‌ಹೈಡ್ರೈಡ್‌ನಿಂದ. ಉಳಿದದ್ದು ಒಂದೇ ಒಂದು ಕಾರ್ಬನ್. ಬೂಟ್ಸ್ ದಾರಿಯಲ್ಲಿ ಆ ಒಂದು ಕಾರ್ಬನ್ ತರಲು 122.55 ಗ್ರಾಂ ಈಥೈಲ್ ಕ್ಲೋರೋಅಸಿಟೇಟ್ ಹಾಕುತ್ತೇವೆ. ಅದರ ನಾಲ್ಕು ಕಾರ್ಬನ್‌ಗಳಲ್ಲಿ ಒಂದು ಉಳಿಯುತ್ತದೆ, ಒಂದು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ, ಎರಡು ಈಥನಾಲ್ ಆಗಿ ಹೋಗುತ್ತವೆ. ಕ್ಲೋರಿನ್ ಉಪ್ಪಾಗುತ್ತದೆ. ಸೋಡಿಯಂ ಈಥಾಕ್ಸೈಡ್‌ನ ಒಂದು ಪರಮಾಣುವೂ ಉತ್ಪನ್ನದಲ್ಲಿಲ್ಲ. ಆಮೇಲೆ ನಾಲ್ಕನೇ ಹಂತದಲ್ಲಿ ನೈಟ್ರೋಜನ್ ಒಳಗೆ ಬರುತ್ತದೆ, ಆರನೇ ಹಂತದಲ್ಲಿ ಅಮೋನಿಯಾ ಆಗಿ ಹೊರಗೆ ಹೋಗುತ್ತದೆ. ಉತ್ಪನ್ನದಲ್ಲಿ ನೈಟ್ರೋಜನ್ ಇಲ್ಲವೇ ಇಲ್ಲ! ಆಲ್ಡಿಹೈಡನ್ನು ಆಮ್ಲ ಮಾಡಲು ಮೂರು ಹಂತ ಸುತ್ತಿ ಬಂದ ಹಾಗಾಯಿತು. ಹೀಗೆ ಬಂದು ಹೋಗುವ ಗುಂಪುಗಳನ್ನು ಆದಷ್ಟು ತಪ್ಪಿಸಿ ಅನ್ನುವುದೇ ಎಂಟನೇ ತತ್ವ.

ಬಿಎಚ್‌ಸಿಯಲ್ಲಿ ಅದೇ ಒಂದು ಕಾರ್ಬನನ್ನು 28 ಗ್ರಾಂ ಕಾರ್ಬನ್ ಮಾನಾಕ್ಸೈಡ್ ತರುತ್ತದೆ, ಅದರ ಆಕ್ಸಿಜನ್ನೂ ಉತ್ಪನ್ನದಲ್ಲೇ ಉಳಿಯುತ್ತದೆ. ಹೈಡ್ರೋಜನ್ನೂ ಪೂರ್ತಿ ಒಳಗೇ. ಕಳೆದುಹೋಗುವುದು ಮೊದಲ ಹಂತದ ಅಸಿಟಿಕ್ ಆಮ್ಲ ಮಾತ್ರ, ಅದು ಎರಡು ದಾರಿಗೂ ಸಮಾನ. ಅಂದರೆ 40ಕ್ಕೂ 77ಕ್ಕೂ ಇರುವ ಅಂತರ ಪೂರ್ತಿ ಕೀಟೋನ್ ಆದ ಮೇಲಿನದ್ದು.

4. ನೀರು ಮತ್ತು ಉಪ್ಪಿನ ರೂಪ: ಇಲ್ಲಿ ನಿಯಮ ಮೊದಲೇ ಬರೆದಿಡಿ

43% ಎಲ್ಲಿಂದ ಬರುತ್ತದೆ ಈಗ ನೋಡೋಣ. ನಾಲ್ಕು ಮತ್ತು ಐದನೇ ಹಂತದಲ್ಲಿ ಎರಡು ಮೋಲ್ ನೀರು ಹೊರಬರುತ್ತದೆ. ಆರನೇ ಹಂತದಲ್ಲಿ ಎರಡು ಮೋಲ್ ನೀರು ಒಳಗೆ ಹೋಗುತ್ತದೆ. ಆರೂ ಹಂತಗಳನ್ನು ಕೂಡಿಸಿ ಒಂದೇ ಸಮೀಕರಣ ಬರೆದರೆ ಇವೆರಡೂ ಹೊಡೆದುಹೋಗುತ್ತವೆ. ಆಗ ಒಳಗಿನ ಮೊತ್ತ 477.96, ಆಟಮ್ ಎಕಾನಮಿ 43.2%.

ಎರಡು ಕ್ರಮವೂ ಚಾಲ್ತಿಯಲ್ಲಿವೆ. ನನ್ನ ಅಭಿಪ್ರಾಯ ಕೇಳಿದರೆ ಹೊಡೆದುಹಾಕದೆ ಇಡುವುದೇ ಒಳ್ಳೆಯದು. ಐದನೇ ಹಂತದಲ್ಲಿ ಹೊರಬಂದ ನೀರನ್ನು ಹಿಡಿದಿಟ್ಟು ಆರನೇ ಹಂತಕ್ಕೆ ಯಾರೂ ಹಾಕುವುದಿಲ್ಲ, ಅಲ್ವಾ? ಯಾವುದನ್ನೇ ಆರಿಸಿಕೊಂಡರೂ ಎರಡು ದಾರಿಗೂ ಅದನ್ನೇ ಅನ್ವಯಿಸಿ, ಹಾಳೆಯ ಮೇಲೆ ಒಂದು ಸಾಲು ಬರೆದಿಡಿ.

35% ಬರುವುದು ಹೈಡ್ರಾಕ್ಸಿಲಮೀನ್‌ನಿಂದ. NH2OH ಅಂತ ಬರೆದು 33 ಗ್ರಾಂ ಕೂಡಿದೆವು. ಆದರೆ ಲ್ಯಾಬಿನಲ್ಲಿ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಅದರ ಹೈಡ್ರೋಕ್ಲೋರೈಡ್ ಉಪ್ಪು. ಶುದ್ಧ ಹೈಡ್ರಾಕ್ಸಿಲಮೀನ್ ಸ್ಫೋಟಿಸುವ ಗುಣದ್ದು. ಉಪ್ಪು 69.49 ಗ್ರಾಂ, ಅದನ್ನು ಬಿಡಿಸಲು 40 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ಒಟ್ಟು 109.49. ಈಗ ಒಳಗಿನ ಮೊತ್ತ 590.45 ಆಯಿತು, ಆಟಮ್ ಎಕಾನಮಿ 34.9%ಕ್ಕೆ ಇಳಿಯಿತು. ಹೆಚ್ಚುವರಿ 76 ಗ್ರಾಂ ಪೂರ್ತಿ ಉಪ್ಪು ಮತ್ತು ನೀರಾಗಿ ಹೋಗುತ್ತದೆ.

ನೀವು ಕೈಯಲ್ಲಿ ತೂಗಿ ಹಾಕುವ ರೂಪವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ, ಇದು ನನ್ನ ಸಲಹೆ. ಪರೀಕ್ಷೆಗೆ ಬರೆಯುವಾಗ ಮಾತ್ರ ಪ್ರಶ್ನೆಯಲ್ಲಿ ಏನು ಕೊಟ್ಟಿದ್ದಾರೋ ಅದನ್ನೇ ಹಿಡಿಯಿರಿ.

5. ಮಾರಬಹುದಾದ ಉಪ ಉತ್ಪನ್ನ: 99% ಬರುವುದು ಇಲ್ಲಿಂದ

ಬಿಎಚ್‌ಸಿ ದಾರಿಯಲ್ಲಿ ಹೊರಬರುವ ಅಸಿಟಿಕ್ ಆಮ್ಲವನ್ನು ತ್ಯಾಜ್ಯ ಅನ್ನದೆ ಉಪಯುಕ್ತ ಉತ್ಪನ್ನ ಅಂತ ಸೇರಿಸಿದರೆ 206.28ಕ್ಕೆ 60.05 ಕೂಡುತ್ತದೆ, ಕಾಗದದ ಮೇಲೆ ನೂರಕ್ಕೆ ನೂರು. ಎಲ್ಲ ಕಡೆ ಓದುವ 99% ಇದೇ ಲೆಕ್ಕದ ಸಂಖ್ಯೆ. ಈ ದಾರಿಗೆ 1997ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂದಾಗಲೂ, ಅಸಿಟಿಕ್ ಆಮ್ಲ ಮರಳಿ ಪಡೆದರೆ 99% ಅಂತಲೇ ಹೇಳಿದ್ದರು. ಅದು ಸುಳ್ಳಲ್ಲ.

ತಪ್ಪಾಗುವುದು ಈ 99ನ್ನು ಬೂಟ್ಸ್‌ನ 40ರ ಪಕ್ಕ ಇಟ್ಟಾಗ. ಬೂಟ್ಸ್ ದಾರಿಯ ಮೊದಲ ಹಂತದಲ್ಲೂ ಅಷ್ಟೇ ಅಸಿಟಿಕ್ ಆಮ್ಲ ಬರುತ್ತದೆಯಲ್ಲ! ಅದಕ್ಕೂ ಅದೇ ರಿಯಾಯಿತಿ ಕೊಟ್ಟರೆ 266.33 / 513.99, ಅಂದರೆ 51.8%. ಒಬ್ಬರ ಸಂಬಳವನ್ನು ಭತ್ಯೆ ಸೇರಿಸಿ, ಇನ್ನೊಬ್ಬರದ್ದನ್ನು ಭತ್ಯೆ ಬಿಟ್ಟು ಹೋಲಿಸಿದ ಹಾಗೆ ಮಾಡಬೇಡಿ. 40ಕ್ಕೆ ಜೋಡಿ 77, 52ಕ್ಕೆ ಜೋಡಿ 100.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಆ ಉಪ ಉತ್ಪನ್ನವನ್ನು ನಿಜವಾಗಿ ಮರಳಿ ಪಡೆಯಲು ಆಗುತ್ತದಾ? ಹೈಡ್ರೋಜನ್ ಫ್ಲೋರೈಡ್ 19.5 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅಸಿಟಿಕ್ ಆಮ್ಲ 118 ಡಿಗ್ರಿಗೆ. ಬಟ್ಟಿ ಇಳಿಸಿ ಬೇರ್ಪಡಿಸಬಹುದು. ಬೂಟ್ಸ್ ದಾರಿಯಲ್ಲಿ ಮೊದಲ ಹಂತಕ್ಕೆ ಅಲ್ಯೂಮಿನಿಯಂ ಕ್ಲೋರೈಡ್ ಬಳಸಿ, ಆ ಹಂತದ ಕೊನೆಗೆ ನೀರು ಸುರಿದು ಕ್ರಿಯೆ ನಿಲ್ಲಿಸುವುದರಿಂದ ಅದೇ ಆಮ್ಲ ಅಲ್ಯೂಮಿನಿಯಂ ಲವಣಗಳ ಜೊತೆ ತೆಳುವಾಗಿ ನೀರಿನಲ್ಲಿ ಕರಗಿರುತ್ತದೆ. ಅದನ್ನು ತೆಗೆಯುವ ಖರ್ಚಿಗೆ ಹೊಸ ಆಮ್ಲವನ್ನೇ ಕೊಳ್ಳಬಹುದು. ಹಾಗಾಗಿ ಬಿಎಚ್‌ಸಿಗೆ ರಿಯಾಯಿತಿ ಕೊಟ್ಟು ಬೂಟ್ಸ್‌ಗೆ ಕೊಡದೆ ಇರುವುದಕ್ಕೆ ನ್ಯಾಯವಾದ ಕಾರಣ ಇರಬಹುದು. ಆದರೆ ಆ ಕಾರಣವನ್ನು ಬರೆಯಬೇಕು. ಸುಮ್ನೆ ಸಂಖ್ಯೆ ಇಟ್ಟರೆ ಆಗದು.

6. ಸಮೀಕರಣದಲ್ಲಿ ಕಾಣದ್ದನ್ನು ಹುಡುಕಿ

ಆಟಮ್ ಎಕಾನಮಿಯ ದೊಡ್ಡ ಕುರುಡುತನ ಇದು. ಸಮೀಕರಣದಲ್ಲಿ ಇಲ್ಲದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಬೂಟ್ಸ್ ದಾರಿಯ ಮೊದಲ ಹಂತದಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಬಳಸುತ್ತಾರೆ. ಪುಸ್ತಕದಲ್ಲಿ ಬಾಣದ ಮೇಲೆ ಇರುತ್ತದೆ, ಕ್ಯಾಟಲಿಸ್ಟ್ ಅಂತ ಕರೆಯುತ್ತಾರೆ, ನಾವು ಬಿಟ್ಟುಬಿಡುತ್ತೇವೆ. ಕ್ಯಾಟಲಿಸ್ಟ್ ಅಂದರೆ ಸ್ವಲ್ಪವೇ ಹಾಕಿದರೆ ಸಾಕು, ಕೊನೆಗೆ ಹಾಗೇ ಉಳಿಯುತ್ತದೆ ಅಂತ ತಾನೇ? ಇಲ್ಲಿ ಹಾಗಿಲ್ಲ. ಹುಟ್ಟಿದ ಕೀಟೋನ್ ಅಲ್ಯೂಮಿನಿಯಂ ಕ್ಲೋರೈಡನ್ನು ಹಿಡಿದುಕೊಂಡು ಬಿಡುವುದಿಲ್ಲ. ಅನ್‌ಹೈಡ್ರೈಡ್ ಬಳಸಿದಾಗ ಹೊರಬರುವ ಆಮ್ಲದ ಭಾಗವೂ ಇನ್ನೊಂದನ್ನು ಹಿಡಿಯುತ್ತದೆ. ಹಾಗಾಗಿ ಒಂದು ಮೋಲ್‌ಗೆ ಎರಡು ಮೋಲ್‌ಗಿಂತ ಸ್ವಲ್ಪ ಜಾಸ್ತಿಯೇ ಬೇಕು.

ಎರಡೇ ಮೋಲ್ ಅಂತ ಇಟ್ಟುಕೊಳ್ಳಿ. 2 × 133.34, ಅಂದರೆ 266.68 ಗ್ರಾಂ. ಸಿಗುವ ಐಬುಪ್ರೊಫೇನ್ 206 ಗ್ರಾಂ. ಉತ್ಪನ್ನಕ್ಕಿಂತ ಭಾರವಾದ ವಸ್ತು ನಮ್ಮ ಲೆಕ್ಕದ ಹೊರಗೇ ಉಳಿದಿತ್ತು! ಮೇಲಾಗಿ ನೀರು ಹಾಕಿದ ಮೇಲೆ ಅದನ್ನು ಮರಳಿ ಪಡೆಯಲು ಆಗುವುದಿಲ್ಲ. ಆಮ್ಲೀಯ ಅಲ್ಯೂಮಿನಿಯಂ ತ್ಯಾಜ್ಯವಾಗಿ ಸಂಸ್ಕರಣೆಗೆ ಹೋಗುತ್ತದೆ.

ಬಿಎಚ್‌ಸಿಯ ಹೈಡ್ರೋಜನ್ ಫ್ಲೋರೈಡ್ ಕೂಡ ಸಮೀಕರಣದಲ್ಲಿಲ್ಲ. ಆದರೆ ಅದು ಕ್ಯಾಟಲಿಸ್ಟೂ ಹೌದು, ಸಾಲ್ವೆಂಟೂ ಹೌದು, 99.9%ಕ್ಕಿಂತ ಹೆಚ್ಚು ಮರಳಿ ಸಿಗುತ್ತದೆ ಅಂತ ಪ್ರಶಸ್ತಿಯ ವಿವರದಲ್ಲಿದೆ. ಇದೇ ವ್ಯತ್ಯಾಸವನ್ನು ಒಂಬತ್ತನೇ ತತ್ವ ಹೇಳುವುದು: ಮೋಲ್‌ಗೆ ಮೋಲ್ ಹಾಕಿ ಮುಗಿಸುವ ರೀಏಜೆಂಟ್‌ಗಿಂತ ಮತ್ತೆ ಮತ್ತೆ ಬಳಸುವ ಕ್ಯಾಟಲಿಸ್ಟ್ ಮೇಲು.

ಪತ್ತೆ ಹಚ್ಚುವ ಉಪಾಯ ಸುಲಭ. ಬಾಣದ ಮೇಲಿರುವ ಪ್ರತಿ ವಸ್ತುವಿಗೂ ಎರಡು ಪ್ರಶ್ನೆ ಕೇಳಿ. ಎಷ್ಟು ಮೋಲ್ ಹಾಕುತ್ತಾರೆ? ಕೊನೆಗೆ ಅದು ಎಲ್ಲಿ ಹೋಗುತ್ತದೆ? ನಿಕಲ್, ಪಲ್ಲೇಡಿಯಂಗಳಿಗೂ ಕೇಳಿ. ಅವು ತೂಕದಲ್ಲಿ ಅಲ್ಪ. ಆದರೆ ಔಷಧಿಯಲ್ಲಿ ಪಲ್ಲೇಡಿಯಂ ಉಳಿಯುವ ಹಾಗಿಲ್ಲ. ಬಾಯಿಂದ ತೆಗೆದುಕೊಳ್ಳುವ ಔಷಧಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ ದಿನಕ್ಕೆ 100 ಮೈಕ್ರೊಗ್ರಾಂ. ಅದನ್ನು ತೆಗೆಯಲು ಬಳಸುವ ವಸ್ತುಗಳೂ ನಿಮ್ಮ ತ್ಯಾಜ್ಯದ ಲೆಕ್ಕಕ್ಕೆ ಸೇರಬೇಕು.

7. ಈಗ ಇಳುವರಿ ಹಾಕಿ

ಇಲ್ಲಿ ತೋರಿಸಲು ಪ್ರತಿ ಹಂತಕ್ಕೂ 90% ಇಳುವರಿ ಅಂತ ಇಟ್ಟುಕೊಳ್ಳುತ್ತೇನೆ. ಇದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ, ಕಾರ್ಖಾನೆಯದ್ದಲ್ಲ. ನಿಮ್ಮ ದಾರಿಗೆ ನಿಮ್ಮ ನಿಜವಾದ ಇಳುವರಿ ಹಾಕಿ. ಆರು ಹಂತಕ್ಕೆ 0.9ನ್ನು ಆರು ಸಲ ಗುಣಿಸಿದರೆ ಒಟ್ಟು 53%. ಮೂರು ಹಂತಕ್ಕೆ 73%. ಹಂತ ಕಡಿಮೆ ಇದ್ದರೆ ಸಿಗುವ ಲಾಭ ಇದು.

ಇಲ್ಲೊಂದು ಸಾಮಾನ್ಯ ತಪ್ಪಿದೆ. ಆಟಮ್ ಎಕಾನಮಿಯನ್ನು ಒಟ್ಟು ಇಳುವರಿಯಿಂದ ಗುಣಿಸಿ 40.1 × 0.53 = 21% ಅಂತ ಬರೆದುಬಿಡುತ್ತಾರೆ. ಅಂದಾಜಿಗೆ ನಡೆಯುತ್ತದೆ, ಆದರೆ ಅದು ಸ್ವಲ್ಪ ಕಮ್ಮಿ ತೋರಿಸುತ್ತದೆ. ಯಾಕೆಂದರೆ ಆರನೇ ಹಂತದ ನೀರನ್ನು ಆಗ ಉಳಿದಿರುವ ನೈಟ್ರೈಲ್‌ಗೆ ಮಾತ್ರ ಹಾಕುತ್ತೀರಿ, ಮೊದಲ ದಿನ ಹಾಕಿದ ಐಸೊಬ್ಯುಟೈಲ್‌ಬೆಂಜೀನ್‌ಗೆ ಸಮನಾಗಿ ಹಾಕುವುದಿಲ್ಲ. ಸರಿಯಾದ ದಾರಿ ಹಿಂದಿನಿಂದ ಮುಂದಕ್ಕೆ ಬರುವುದು. ಕೊನೆಗೆ ಒಂದು ಮೋಲ್ ಐಬುಪ್ರೊಫೇನ್ ಬೇಕು. ಅದಕ್ಕೆ ನೈಟ್ರೈಲ್ 1/0.9, ಅಂದರೆ 1.11 ಮೋಲ್ ಬೇಕು. ಅದಕ್ಕೆ ಆಕ್ಸೈಮ್ 1.23 ಮೋಲ್. ಹೀಗೆ ಹಿಂದೆ ಹೋಗುತ್ತಾ ಮೊದಲ ಹಂತಕ್ಕೆ ಬಂದರೆ 1.88 ಮೋಲ್ ಐಸೊಬ್ಯುಟೈಲ್‌ಬೆಂಜೀನ್ ಬೇಕಾಗುತ್ತದೆ. ಪ್ರತಿ ಹಂತದ ರೀಏಜೆಂಟನ್ನೂ ಆಯಾ ಮೋಲ್‌ನಿಂದ ಗುಣಿಸಿ ಕೂಡಿ.

ಹೀಗೆ ಮಾಡಿದಾಗ ಒಂದು ಕಿಲೋ ಐಬುಪ್ರೊಫೇನ್‌ಗೆ ಬೂಟ್ಸ್ ದಾರಿಯಲ್ಲಿ 4.27 ಕಿಲೋ ಕಚ್ಚಾ ವಸ್ತು ಬೇಕು, ಬಿಎಚ್‌ಸಿಯಲ್ಲಿ 1.73 ಕಿಲೋ. ತ್ಯಾಜ್ಯ ಕ್ರಮವಾಗಿ 3.27 ಮತ್ತು 0.73 ಕಿಲೋ. ಇವೇ ಸರಳ ಇ-ಫ್ಯಾಕ್ಟರ್‌ಗಳು. ಬೂಟ್ಸ್‌ಗೆ ಅಲ್ಯೂಮಿನಿಯಂ ಕ್ಲೋರೈಡ್ ಸೇರಿಸಿದರೆ ಇನ್ನೂ 2.43 ಕಿಲೋ ಕೂಡುತ್ತದೆ, ಯಾಕೆಂದರೆ ಅದನ್ನು ಮೊದಲ ಹಂತದ 1.88 ಮೋಲ್‌ಗೆ ಹಾಕಿರುತ್ತೇವೆ. ಅಲ್ಲಿಗೆ ಬೂಟ್ಸ್‌ನ ಇ-ಫ್ಯಾಕ್ಟರ್ 5.7.

40 ಮತ್ತು 77 ನೋಡಿದಾಗ ಎರಡು ಪಟ್ಟು ವ್ಯತ್ಯಾಸ ಅನ್ನಿಸಿತ್ತು. ತ್ಯಾಜ್ಯದ ಲೆಕ್ಕದಲ್ಲಿ ಅದು ಸುಮಾರು ಎಂಟು ಪಟ್ಟು. ಇದರಲ್ಲಿ ಸಾಲ್ವೆಂಟ್ ಇನ್ನೂ ಸೇರಿಲ್ಲ. ಔಷಧಿ ತಯಾರಿಕೆಯಲ್ಲಿ ತೂಕದ ದೊಡ್ಡ ಪಾಲು ಸಾಲ್ವೆಂಟ್ ಮತ್ತು ತೊಳೆಯುವ ನೀರಿನದ್ದೇ ಆಗಿರುತ್ತದೆ. ಲ್ಯಾಬ್ ವಿಧಾನ ನಿಮ್ಮ ಕೈಯಲ್ಲಿದ್ದರೆ ಅದನ್ನೂ ಕೂಡಿ. ಮರಳಿ ಬಳಸುವ ಸಾಲ್ವೆಂಟ್ ಆದರೆ ಪ್ರತಿ ಸಲ ಹೊಸದಾಗಿ ಸೇರಿಸುವಷ್ಟನ್ನು ಮಾತ್ರ ತೆಗೆದುಕೊಳ್ಳಿ. ನೀರನ್ನು ಸೇರಿಸಿದ್ದೀರೋ ಬಿಟ್ಟಿದ್ದೀರೋ ಅಂತ ಬರೆಯಿರಿ, ಎರಡು ರೀತಿಯಲ್ಲೂ ಬರೆಯುವವರಿದ್ದಾರೆ.

8. ತೂಕ ಮುಗಿಯಿತು, ಈಗ ಅಪಾಯ ನೋಡಿ

ಇಲ್ಲಿಯವರೆಗೆ ಬಿಎಚ್‌ಸಿ ಸಲೀಸಾಗಿ ಗೆದ್ದಿದೆ. ಆದರೆ ತೂಕದ ಲೆಕ್ಕಕ್ಕೆ ಒಂದು ಕಿಲೋ ಅಡುಗೆ ಉಪ್ಪೂ ಒಂದು ಕಿಲೋ ವಿಷವೂ ಒಂದೇ. ಆದ್ದರಿಂದ ಮೂರನೇ ಮತ್ತು ಹನ್ನೆರಡನೇ ತತ್ವಗಳನ್ನು ಬೇರೆಯಾಗಿಯೇ ನೋಡಬೇಕು. ಒಂದು ವಿಷಕಾರಿ ವಸ್ತುಗಳನ್ನು ಬಳಸದಿರುವ ಬಗ್ಗೆ, ಇನ್ನೊಂದು ಅವಘಡ ತಪ್ಪಿಸುವ ಬಗ್ಗೆ.

ಹೈಡ್ರೋಜನ್ ಫ್ಲೋರೈಡ್ ತುಂಬಾ ಅಪಾಯಕಾರಿ. ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅದಕ್ಕೇ ಅದನ್ನು ಬಳಸುವ ಕಡೆ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಕೈಗೆಟುಕುವಲ್ಲೇ ಇಟ್ಟಿರುತ್ತಾರೆ. ಕುದಿಯುವ ಬಿಂದು 19.5 ಡಿಗ್ರಿ ಅಂತ ಆಗ ಹೇಳಿದೆನಲ್ಲ. ಮರಳಿ ಪಡೆಯಲು ಅನುಕೂಲ ಮಾಡಿಕೊಟ್ಟ ಅದೇ ಗುಣ, ಸೋರಿದರೆ ಕೂಡಲೇ ಮೋಡದ ಹಾಗೆ ಹರಡುವಂತೆಯೂ ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಉಸಿರಿನಲ್ಲಿ ಹೋದರೆ ಕೊಲ್ಲುತ್ತದೆ. ರೇನಿ ನಿಕಲ್ ಒಣಗಿದರೆ ಗಾಳಿಯಲ್ಲೇ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಹೈಡ್ರೋಜನ್ ಇರುತ್ತದೆ.

ಬೂಟ್ಸ್ ದಾರಿಯೂ ಸಾಧು ಅಲ್ಲ. ಈಥೈಲ್ ಕ್ಲೋರೋಅಸಿಟೇಟ್ ವಿಷ, ಕಣ್ಣು ಮೂಗು ಸುಡುತ್ತದೆ. ಹೈಡ್ರಾಕ್ಸಿಲಮೀನ್ ಬಗ್ಗೆ ಆಗಲೇ ಹೇಳಿದೆ. ಅಲ್ಯೂಮಿನಿಯಂ ಕ್ಲೋರೈಡ್ ನೀರು ತಾಗಿದರೆ ಬಿಸಿಯಾಗಿ ಹೈಡ್ರೋಜನ್ ಕ್ಲೋರೈಡ್ ಹೊಗೆ ಬಿಡುತ್ತದೆ. ಆದರೆ ಇವನ್ನು ಸಾಮಾನ್ಯ ರಿಯಾಕ್ಟರ್‌ನಲ್ಲಿ, ಫ್ಯೂಮ್ ಹುಡ್ ಇರುವ ಲ್ಯಾಬಿನಲ್ಲಿ ನಿಭಾಯಿಸಬಹುದು. ಹೈಡ್ರೋಜನ್ ಫ್ಲೋರೈಡ್‌ಗೆ ಗಾಜಿನ ಪಾತ್ರೆಯೇ ಆಗದು, ಅದು ಗಾಜನ್ನು ತಿನ್ನುತ್ತದೆ. ವಿಶೇಷ ಲೋಹದ ಉಪಕರಣ, ಸೋರಿಕೆ ಪತ್ತೆ ವ್ಯವಸ್ಥೆ, ತರಬೇತಾದ ಜನ ಎಲ್ಲವೂ ಬೇಕು.

ಇಲ್ಲಿ ಮಾಡುವ ತಪ್ಪು ಏನೆಂದರೆ ಪ್ರತಿ ತತ್ವಕ್ಕೂ ಹತ್ತರಲ್ಲಿ ಅಂಕ ಕೊಟ್ಟು ಕೂಡಿಬಿಡುವುದು. ಕೂಡಿದಾಗ ತ್ಯಾಜ್ಯದಲ್ಲಿ ಸಿಕ್ಕ ಒಳ್ಳೆಯ ಅಂಕ ಹೈಡ್ರೋಜನ್ ಫ್ಲೋರೈಡ್‌ನ ಅಪಾಯವನ್ನು ಮುಚ್ಚಿಹಾಕುತ್ತದೆ. ಅಪಾಯವನ್ನು ತೂಕದ ಜೊತೆ ಕೂಡಬೇಡಿ, ಪಕ್ಕದಲ್ಲಿ ಬೇರೆ ಕಾಲಮ್‌ನಲ್ಲಿ ಮಾತಿನಲ್ಲಿ ಬರೆಯಿರಿ.

9. ತೀರ್ಮಾನವನ್ನು ಷರತ್ತಿನ ಜೊತೆ ಬರೆಯಿರಿ

"ಬಿಎಚ್‌ಸಿ ಹಸಿರು" ಅಂತ ಒಂದೇ ಸಾಲು ಬರೆದರೆ ಅದು ಅರ್ಧ ಉತ್ತರ. ಯಾವ ಪ್ರಮಾಣಕ್ಕೆ, ಯಾವ ವ್ಯವಸ್ಥೆಯಲ್ಲಿ ಅಂತ ಸೇರಿಸಬೇಕು. 1992ರಲ್ಲಿ ಅಮೆರಿಕದ ಟೆಕ್ಸಾಸ್‌ನ ಬಿಷಪ್ ಊರಿನಲ್ಲಿ ಈ ದಾರಿಯ ಕಾರ್ಖಾನೆ ಶುರುವಾಯಿತು. ಅಲ್ಲಿ ಒಂದೇ ಉತ್ಪನ್ನವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಾರೆ. ಹೈಡ್ರೋಜನ್ ಫ್ಲೋರೈಡ್ ಮುಚ್ಚಿದ ವ್ಯವಸ್ಥೆಯೊಳಗೇ ಸುತ್ತುತ್ತದೆ. ಅಂಥ ಕಡೆ ಎಂಟು ಪಟ್ಟು ಕಡಿಮೆ ತ್ಯಾಜ್ಯ ಅನ್ನುವುದು ದೊಡ್ಡ ಲಾಭ. ಅಪಾಯವನ್ನು ಹಿಡಿದಿಡಲು ಹಣವೂ ಜನರೂ ಇರುತ್ತಾರೆ. ಅದೇ ದಾರಿಯನ್ನು ವರ್ಷಕ್ಕೆ ಕೆಲವೇ ಬ್ಯಾಚ್ ಮಾಡುವ ಚಿಕ್ಕ ಘಟಕದಲ್ಲಿ, ಇವತ್ತು ಒಂದು ನಾಳೆ ಇನ್ನೊಂದು ತಯಾರಿಸುವ ರಿಯಾಕ್ಟರ್‌ನಲ್ಲಿ ಮಾಡಿ ಅಂತ ನಾನಂತೂ ಹೇಳುವುದಿಲ್ಲ.

ನಿಮ್ಮ ವರದಿಯ ತೀರ್ಮಾನ ಹೀಗೆ ಇರಲಿ: "ಐಸೊಬ್ಯುಟೈಲ್‌ಬೆಂಜೀನ್‌ನಿಂದ ಶುರು ಮಾಡಿ, ನಡುವಿನ ನೀರನ್ನು ಹೊಡೆದುಹಾಕದೆ, ಉಪ ಉತ್ಪನ್ನಕ್ಕೆ ರಿಯಾಯಿತಿ ಕೊಡದೆ ಆಟಮ್ ಎಕಾನಮಿ 40.1% ಮತ್ತು 77.4%. ಪ್ರತಿ ಹಂತಕ್ಕೆ 90% ಇಳುವರಿ ಹಿಡಿದು, ಅಲ್ಯೂಮಿನಿಯಂ ಕ್ಲೋರೈಡ್ ಸೇರಿಸಿ, ಸಾಲ್ವೆಂಟ್ ಬಿಟ್ಟು ಇ-ಫ್ಯಾಕ್ಟರ್ 5.7 ಮತ್ತು 0.7. ಎರಡನೇ ದಾರಿಗೆ ಹೈಡ್ರೋಜನ್ ಫ್ಲೋರೈಡನ್ನು ಮುಚ್ಚಿದ ವ್ಯವಸ್ಥೆಯಲ್ಲಿ ಮರಳಿ ಪಡೆಯುವ ಸೌಲಭ್ಯ ಕಡ್ಡಾಯ." ಉದ್ದವಾಯಿತು ಅನ್ನಿಸಬಹುದು. ಆದರೆ ಇದನ್ನು ಓದಿದ ಬೇರೆಯವರು ಕ್ಯಾಲ್ಕ್ಯುಲೇಟರ್ ಹಿಡಿದು ಕೂತರೆ ಅವರಿಗೂ ಇದೇ ಸಂಖ್ಯೆಗಳು ಬರುತ್ತವೆ.